ಕ್ಯಾಮೆರಾ ಮುಂದೆ ಕೂರುವ ಮೊದಲು ಪ್ಯಾನ್ ಕಾರ್ಡ್ ತೆಗೆದು ನೋಡಿ

ಮನೆಯಲ್ಲೇ ಕೂತು ಮೊಬೈಲಿನಲ್ಲಿ ಉಳಿತಾಯ ಖಾತೆ ತೆರೆಯಲು ಹೊರಟವರಲ್ಲಿ ಹಲವರು ಕೊನೆಯ ಮೆಟ್ಟಿಲಲ್ಲಿ ಎಡವುತ್ತಾರೆ. ಅರ್ಜಿ ತುಂಬಿದ್ದಾಗಿರುತ್ತದೆ, ಓಟಿಪಿ ಹಾಕಿದ್ದಾಗಿರುತ್ತದೆ, ವಿಡಿಯೊ ಕರೆಯಲ್ಲಿ ಬ್ಯಾಂಕಿನವರು ಮುಖವನ್ನೂ ನೋಡಿರುತ್ತಾರೆ. ಇನ್ನೇನು ಖಾತೆ ನಂಬರ್ ಬರುತ್ತದೆ ಅನ್ನುವಾಗ ‘ನಿಮ್ಮ ಅರ್ಜಿ ತಿರಸ್ಕೃತವಾಗಿದೆ’ ಎಂಬ ಎಸ್ಎಂಎಸ್ ಬರುತ್ತದೆ. ನೆಟ್‌ವರ್ಕ್ ಸರಿ ಇರಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ಎಲ್ಲವನ್ನೂ ತುಂಬಿ, ಇನ್ನೊಮ್ಮೆ ಅದೇ ಎಸ್ಎಂಎಸ್ ಪಡೆಯುತ್ತಾರೆ. ಅಷ್ಟು ಹೊತ್ತಿಗೆ ಬೇಜಾರಾಗಿ ‘ಈ ಆನ್‌ಲೈನ್ ಸಹವಾಸವೇ ಬೇಡ’ ಎಂದು ಶಾಖೆಗೆ ನಡೆಯುತ್ತಾರೆ. ಆದರೆ ತೊಂದರೆ ನೆಟ್‌ವರ್ಕಿನದ್ದೇ ಆಗಿರಬೇಕೆಂದಿಲ್ಲ. ಎಷ್ಟೋ ಸಲ ಅದು ಅವರ ಪರ್ಸಿನಲ್ಲಿರುವ ಎರಡು ಕಾರ್ಡುಗಳಲ್ಲೇ ಇರುತ್ತದೆ.

ವಿಡಿಯೊ ಮೂಲಕ ಗ್ರಾಹಕರ ಗುರುತು ಪರಿಶೀಲಿಸಲು ರಿಸರ್ವ್ ಬ್ಯಾಂಕ್ ಒಪ್ಪಿಗೆ ಕೊಟ್ಟಿದ್ದು 2020ರ ಜನವರಿಯಲ್ಲಿ. ಕೋವಿಡ್ ಇನ್ನೂ ಇಲ್ಲಿಗೆ ಕಾಲಿಟ್ಟಿರಲಿಲ್ಲ. 2021ರ ಮೇ ತಿಂಗಳಲ್ಲಿ ನಿಯಮಗಳನ್ನು ವಿಸ್ತರಿಸಿ ಬಿಗಿಗೊಳಿಸಲಾಯಿತು. ಸ್ಟೇಟ್ ಬ್ಯಾಂಕ್ ತನ್ನ ಯೋನೋ ಆ್ಯಪ್‌ನಲ್ಲಿ ಈ ಸೌಲಭ್ಯ ತಂದದ್ದೂ ಅದೇ ವರ್ಷ. ಈಗ ಬಹುತೇಕ ದೊಡ್ಡ ಬ್ಯಾಂಕುಗಳಲ್ಲಿ ಇದು ಇದೆ. ಜನ ಇದನ್ನು ‘ವಿಡಿಯೊ ಕೆವೈಸಿ’ ಅನ್ನುತ್ತಾರೆ. ನಿಯಮದ ಲೆಕ್ಕದಲ್ಲಿ ಈ ಕರೆ, ನೀವು ಖುದ್ದಾಗಿ ಶಾಖೆಗೆ ಹೋಗಿ ಅಧಿಕಾರಿಯ ಮುಂದೆ ನಿಂತದ್ದಕ್ಕೆ ಸಮ. ಆದ್ದರಿಂದಲೇ ಇದರಲ್ಲಿ ಪಾಸಾದರೆ ಸಿಗುವುದು ಪೂರ್ಣ ಪ್ರಮಾಣದ ಖಾತೆ, ಮತ್ತು ಆದ್ದರಿಂದಲೇ ಆ ಐದು ನಿಮಿಷದಲ್ಲಿ ಇಷ್ಟೊಂದು ತಕರಾರು.

ಒಂದು ಉದಾಹರಣೆ ಇಟ್ಟುಕೊಂಡೇ ಮಾತಾಡೋಣ. ಹಾವೇರಿ ಜಿಲ್ಲೆಯ ಹುಡುಗಿ, ಹೆಸರು ಸವಿತಾ ಎಂದಿರಲಿ. ಬೆಂಗಳೂರಿನ ಪೀಣ್ಯದಲ್ಲಿ ಹೊಸದಾಗಿ ಕೆಲಸ ಸಿಕ್ಕಿದೆ, ಪಿಜಿಯಲ್ಲಿ ವಾಸ. ಸಂಬಳಕ್ಕೆ ಖಾತೆ ಬೇಕು. ಆಧಾರ್ ಮಾಡಿಸಿದ್ದು ಶಾಲೆಯಲ್ಲಿದ್ದಾಗ. ಅದರಲ್ಲಿ ಹೆಸರು Savitha H B ಎಂದಿದೆ. ಪ್ಯಾನ್ ಮಾಡಿಸಿದ್ದು ಕಾಲೇಜು ಮುಗಿದ ಮೇಲೆ, ಊರಿನ ಸೈಬರ್ ಸೆಂಟರಿನಲ್ಲಿ. ಪ್ಯಾನ್ ಅರ್ಜಿಯಲ್ಲಿ ಇನಿಶಿಯಲ್ ಹಾಕುವಂತಿಲ್ಲ, ಹೆಸರನ್ನು ಬಿಡಿಸಿ ಬರೆಯಬೇಕು. ಹಾಗಾಗಿ ಸೆಂಟರಿನವರು H ಮತ್ತು B ಅನ್ನು ಬಿಡಿಸಿ, ಅವಸರದಲ್ಲಿ ಒಂದು h ನುಂಗಿ, Savita Hanumanthappa Byadgi ಎಂದು ತುಂಬಿದ್ದಾರೆ. ಊರಿನವರಿಗೆ ಇವೆರಡೂ ಒಬ್ಬಳೇ ಸವಿತಾ. ಬ್ಯಾಂಕಿನ ತಂತ್ರಾಂಶಕ್ಕೆ ಹಾಗಲ್ಲ; ಅದು ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತದೆ. ಆಧಾರ್‌ನಲ್ಲಿರುವ ವಿವರ, ಪ್ಯಾನ್‌ನಲ್ಲಿರುವ ವಿವರ, ಅರ್ಜಿಯಲ್ಲಿ ಕೊಟ್ಟ ವಿವರ, ಈ ಮೂರೂ ಹೊಂದಬೇಕು ಎಂಬುದು ನಿಯಮ. ಸಣ್ಣ ಕಾಗುಣಿತ ವ್ಯತ್ಯಾಸವನ್ನು ಕೆಲವು ಬ್ಯಾಂಕುಗಳು ಬಿಟ್ಟುಕೊಡುತ್ತವೆ, ಕೆಲವು ಬಿಡುವುದಿಲ್ಲ.

ಉತ್ತರ ಭಾರತದವರಿಗೆ ಈ ಕಷ್ಟ ಕಡಿಮೆ. ಅವರ ಹೆಸರಿನ ಹಿಂದೆ ಮನೆತನದ ಹೆಸರು ಬರುತ್ತದೆ, ಎಲ್ಲ ಕಡೆ ಅದೇ ಇರುತ್ತದೆ. ನಮ್ಮಲ್ಲಿ ಊರು, ಅಪ್ಪನ ಹೆಸರು, ಕೆಲವೊಮ್ಮೆ ಅಜ್ಜನ ಹೆಸರು ಇನಿಶಿಯಲ್ ಆಗಿ ಕೂತಿರುತ್ತವೆ. ಒಂದು ಕಾರ್ಡಿನಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಜೊತೆಗೆ ಇಂಗ್ಲಿಷಿನಲ್ಲಿ ಮಂಜುನಾಥನಿಗೆ ಕೊನೆಯಲ್ಲಿ a ಬೇಕೋ ಬೇಡವೋ, ಲಕ್ಷ್ಮಿಗೆ ksh ಅಥವಾ x, ಗೌಡರಿಗೆ ow ಅಥವಾ ou ಎಂಬ ತೀರದ ಗೊಂದಲ. ನಮ್ಮ ಹೆಸರಿಡುವ ಪದ್ಧತಿಯಲ್ಲಿ ತಪ್ಪೇನೂ ಇಲ್ಲ, ಅರ್ಜಿ ನಮೂನೆ ಮಾಡಿದವರು ನಮ್ಮನ್ನು ನೆನೆಸಿಕೊಳ್ಳಲಿಲ್ಲ ಅಷ್ಟೆ. ಆದರೂ ಓಡಾಟ ನಮ್ಮ ಪಾಲಿಗೇ ಬರುತ್ತದೆ.

ಆದ್ದರಿಂದ ಆ್ಯಪ್ ಇಳಿಸಿಕೊಳ್ಳುವ ಮೊದಲು ಎರಡೂ ಕಾರ್ಡನ್ನು ಟೇಬಲ್ಲಿನ ಮೇಲೆ ಅಕ್ಕಪಕ್ಕ ಇಟ್ಟು ಹೆಸರು, ಹುಟ್ಟಿದ ತಾರೀಖು ಎರಡನ್ನೂ ಓದಿ ನೋಡಿ. ತಾರೀಖು ಬೇರೆ ಇದ್ದರೆ ಮುಂದುವರಿಯಲೇ ಬೇಡಿ, ಆ ಅರ್ಜಿ ಉಳಿಯುವುದು ಕಷ್ಟ. ಹೆಸರು ಬೇರೆ ಇದ್ದರೆ ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ಜಾಲತಾಣದಲ್ಲಿ Link Aadhaar Status ಎಂಬಲ್ಲಿ ಪ್ಯಾನ್ ಮತ್ತು ಆಧಾರ್ ನಂಬರ್ ಹಾಕಿ ನೋಡಿ, ಲಾಗಿನ್ ಬೇಕಿಲ್ಲ. ಜೋಡಣೆ ಆಗಿದೆ ಎಂದು ಬಂದರೆ ಅರ್ಧ ನಿರಾಳ. ಆಗಿಲ್ಲ ಎಂದರೆ ಪ್ಯಾನ್ ನಿಷ್ಕ್ರಿಯವಾಗಿರುವ ಸಾಧ್ಯತೆ ಹೆಚ್ಚು. ಆಧಾರ್ ಜೋಡಿಸದ ಪ್ಯಾನ್‌ಗಳು 2023ರ ಜುಲೈ 1ರಿಂದ ನಿಷ್ಕ್ರಿಯವಾದವು, ಅದನ್ನು ಎಬ್ಬಿಸಲು 1000 ರೂಪಾಯಿ ತಡ ಶುಲ್ಕ ಇಟ್ಟಿದ್ದಾರೆ. ನಿಷ್ಕ್ರಿಯ ಪ್ಯಾನ್ ಹಿಡಿದು ವಿಡಿಯೊ ಕರೆಗೆ ಕೂರುವುದು ಸಮಯ ದಂಡ.

ಹೆಸರು ತಿದ್ದಿಸಬೇಕಾದರೆ ಯಾವುದರಲ್ಲಿ ತಿದ್ದಿಸಬೇಕು ಎಂಬ ಪ್ರಶ್ನೆ ಬರುತ್ತದೆ. ನನ್ನ ಸಲಹೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದು, ಅದಕ್ಕೆ ಹತ್ತಿರವಿರುವ ಕಾರ್ಡನ್ನು ಬಿಟ್ಟು ಇನ್ನೊಂದನ್ನು ತಿದ್ದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಒಂದು ಬ್ಯಾಂಕ್ ಖಾತೆಗಾಗಿ ಅದರಲ್ಲೊಂದನ್ನು ಅವಸರದಲ್ಲಿ ಖರ್ಚು ಮಾಡಬೇಡಿ. ಸವಿತಾಳ ಅಂಕಪಟ್ಟಿಯಲ್ಲಿ ಆಧಾರ್‌ನಲ್ಲಿರುವ ಹಾಗೆ Savitha ಎಂದೇ ಇದೆ. ಹಾಗಾಗಿ ಅವಳು ಮುಟ್ಟಬೇಕಾದದ್ದು ಪ್ಯಾನನ್ನು, ಅದರ ತಿದ್ದುಪಡಿಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಬಿಡಿಸಿ ಬರೆದ ಇನಿಶಿಯಲ್ಲಿನ ವಿಷಯ ಆಮೇಲೂ ಉಳಿಯುತ್ತದೆ. ಅದನ್ನು ಒಪ್ಪುತ್ತಾರೋ ಇಲ್ಲವೋ ಎಂದು ಬ್ಯಾಂಕಿನ ಸಹಾಯವಾಣಿಗೆ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಪ್ಯಾನ್ ಬಗ್ಗೆ ಇನ್ನೊಂದು ಮಾತಿದೆ, ಇದು ಯಾರಿಗೂ ಹೊಳೆಯುವುದಿಲ್ಲ. ಈಗ ಇ-ಪ್ಯಾನ್ ಪಿಡಿಎಫ್ ಆಗಿ ಇಮೇಲಿಗೆ ಬರುತ್ತದೆ. ಜನ ಅದನ್ನು ಸೈಬರ್ ಸೆಂಟರಿಗೆ ಒಯ್ದು ಪ್ಲಾಸ್ಟಿಕ್ ಕಾರ್ಡಿನ ಮೇಲೆ ಮುದ್ರಿಸಿಕೊಳ್ಳುತ್ತಾರೆ. ನೋಡಲು ಥೇಟ್ ಅಸಲಿ ಕಾರ್ಡಿನ ಹಾಗೇ ಇರುತ್ತದೆ. ವಿಡಿಯೊ ಪರಿಶೀಲನೆಯಲ್ಲಿ ಅದು ನಡೆಯುವುದಿಲ್ಲ. ಇ-ಪ್ಯಾನ್ ಸೇರಿದಂತೆ ಯಾವುದೇ ವಿದ್ಯುನ್ಮಾನ ದಾಖಲೆಯ ಮುದ್ರಿತ ಪ್ರತಿ ಮಾನ್ಯವಲ್ಲ ಎಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ಜೆರಾಕ್ಸೂ ಆಗದು, ಮೊಬೈಲಿನಲ್ಲಿ ತೆಗೆದ ಫೋಟೊವೂ ಆಗದು. ಇಲಾಖೆಯಿಂದ ಅಂಚೆಯಲ್ಲಿ ಬಂದ ಅಸಲಿ ಕಾರ್ಡ್ ಕೈಯಲ್ಲಿರಬೇಕು. ಬರೀ ಇ-ಪ್ಯಾನ್ ಇರುವವರು ಅದನ್ನು ಡಿಜಿಟಲ್ ರೂಪದಲ್ಲೇ ಕೊಡಬೇಕು, ಡಿಜಿಲಾಕರ್ ಮೂಲಕ ತೆಗೆದುಕೊಳ್ಳುವ ಬ್ಯಾಂಕನ್ನೇ ಆರಿಸಿಕೊಳ್ಳಬೇಕು.

ಆಧಾರ್ ಕಾರ್ಡನ್ನು ಮಾತ್ರ ಹಿಡಿದು ತೋರಿಸುವ ಕೆಲಸ ಸಾಮಾನ್ಯವಾಗಿ ಇರುವುದಿಲ್ಲ. ಓಟಿಪಿ ಹಾಕಿದ ಕೂಡಲೇ ಫೋಟೊ, ವಿಳಾಸ ಎಲ್ಲ ನೇರವಾಗಿ ಬ್ಯಾಂಕಿಗೆ ಹೋಗುತ್ತದೆ. ಹಾಗಾಗಿ ಬೇಕಾಗುವುದು ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್. ಸವಿತಾಳ ಆಧಾರ್‌ನಲ್ಲಿರುವುದು ಅಪ್ಪನ ನಂಬರ್ ಎಂದುಕೊಳ್ಳಿ. ಓಟಿಪಿ ಊರಿನ ಮನೆಯ ಫೋನಿಗೆ ಹೋಗುತ್ತದೆ. ಫೋನ್ ಮಾಡಿ ಕೇಳಿಕೊಂಡರೆ ಆಯಿತಲ್ಲ ಎನ್ನಬಹುದು, ಆ ಹೊತ್ತಿಗೆ ಕೆಲಸವೂ ನಡೆದೀತು. ಆದರೆ ಮುಂದೆ ಪ್ರತಿ ಸಲವೂ ಅದೇ ಪಾಡು. ಆಧಾರ್ ಸೇವಾ ಕೇಂದ್ರದಲ್ಲೋ ಈ ಸೌಲಭ್ಯವಿರುವ ಅಂಚೆ ಕಚೇರಿಯಲ್ಲೋ ನಂಬರ್ ಬದಲಿಸಿಕೊಳ್ಳಬಹುದು, ಅದಕ್ಕೆ ದಾಖಲೆ ಏನೂ ಬೇಕಿಲ್ಲ. ಆಧಾರ್ ನಂಬರನ್ನು ಲಾಕ್ ಮಾಡಿಟ್ಟವರು ಅದನ್ನು ತೆರೆಯುವುದನ್ನು ಅಥವಾ ವರ್ಚುವಲ್ ಐಡಿ ಬಳಸುವುದನ್ನು ಮರೆಯಬಾರದು.

ವಿಳಾಸದ ವಿಷಯಕ್ಕೆ ಜನ ಅನಗತ್ಯವಾಗಿ ಹೆದರುತ್ತಾರೆ. ಆಧಾರ್‌ನಲ್ಲಿ ಊರಿನ ವಿಳಾಸ ಇದ್ದು ಈಗಿರುವುದು ಪೀಣ್ಯದ ಪಿಜಿ ಆದರೆ, ಈಗಿನ ವಿಳಾಸ ಇದು ಎಂದು ಸ್ವಯಂ ಘೋಷಣೆ ಕೊಟ್ಟರೆ ಸಾಕು. ಅರ್ಜಿಯಲ್ಲಿ ‘ಎರಡೂ ವಿಳಾಸ ಒಂದೇ’ ಎಂಬ ಟಿಕ್ ತೆಗೆದು ಹೊಸದನ್ನು ಬರೆಯಬೇಕು. ಅದನ್ನು ನೋಡದೆ ಮುಂದೆ ಹೋದರೆ ಡೆಬಿಟ್ ಕಾರ್ಡ್ ಹಾವೇರಿಗೆ ಹೋಗಿ ಕೂರುತ್ತದೆ.

ಇನ್ನು ಕರೆ. ಅರ್ಜಿ ತುಂಬಿದ ಕೂಡಲೇ ‘ಈಗಲೇ ಕರೆ ಮಾಡಿ’ ಅಥವಾ ‘ಸಮಯ ಗೊತ್ತು ಮಾಡಿ’ ಎಂಬ ಆಯ್ಕೆ ಬರುತ್ತದೆ. ಆಮೇಲೆ ನೋಡೋಣ ಎಂದು ವಾರಗಟ್ಟಲೆ ಬಿಡುವಂತಿಲ್ಲ. ಆಧಾರ್ ವಿವರ ಪಡೆದ ಮೂರು ಕೆಲಸದ ದಿನಗಳೊಳಗೆ ವಿಡಿಯೊ ಮುಗಿಯಬೇಕು, ಇಲ್ಲದಿದ್ದರೆ ಓಟಿಪಿಯಿಂದ ಶುರು. ಭಾಷೆ ಆರಿಸುವ ಕಡೆ ಕನ್ನಡ ಇದ್ದರೆ ಸಂಕೋಚವಿಲ್ಲದೆ ಒತ್ತಿ. ಇಲ್ಲದಿದ್ದರೆ ಆಚೆ ಕಡೆಯವರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಶುರು ಮಾಡುತ್ತಾರೆ. ‘ಕನ್ನಡ ಬಲ್ಲವರಿಗೆ ಕೊಡಿ’ ಎಂದು ಕೇಳಿ. ಕೇಳಿದ್ದಕ್ಕೆ ಕರೆಯನ್ನೇ ಕತ್ತರಿಸಿದ ಬ್ಯಾಂಕನ್ನೂ ನಾನು ಕಂಡಿದ್ದೇನೆ, ಸಮಾಧಾನವಾಗಿ ಹತ್ತು ನಿಮಿಷದಲ್ಲಿ ಕನ್ನಡದವರನ್ನು ಕೂರಿಸಿದ ಬ್ಯಾಂಕನ್ನೂ ಕಂಡಿದ್ದೇನೆ. ಯಾವುದರಲ್ಲಿ ಖಾತೆ ಇಡಬೇಕೆಂದು ತೀರ್ಮಾನಿಸಲು ಅದೂ ಒಂದು ಅಳತೆ.

ಕೂರುವ ಜಾಗದಲ್ಲಿ ಬೆಳಕು ಮುಖದ ಮೇಲೆ ಬೀಳಬೇಕು, ಬೆನ್ನ ಹಿಂದೆ ಕಿಟಕಿ ಇರಬಾರದು. ಕೈಯಲ್ಲಿ ಗೆರೆಯಿಲ್ಲದ ಬಿಳಿ ಹಾಳೆ, ನೀಲಿ ಅಥವಾ ಕಪ್ಪು ಪೆನ್ನು. ಫೋನಿನಲ್ಲಿ ಲೊಕೇಶನ್, ಕ್ಯಾಮೆರಾ, ಮೈಕ್ ಮೂರಕ್ಕೂ ಅನುಮತಿ ಕೊಟ್ಟಿರಬೇಕು. ಕರೆ ಸೇರಿದ ಕೂಡಲೇ ‘ಇದು ರೆಕಾರ್ಡ್ ಆಗುತ್ತಿದೆ, ನಿಮ್ಮ ಒಪ್ಪಿಗೆ ಇದೆಯೇ’ ಎಂದು ಕೇಳುತ್ತಾರೆ. ತಲೆಯಾಡಿಸಿದರೆ ಸಾಲದು, ‘ಹೌದು’ ಎಂದು ಬಾಯಿ ಬಿಟ್ಟು ಹೇಳಬೇಕು. ಆಮೇಲೆ ಕನ್ನಡಕ ತೆಗೆಯಲು ಹೇಳಿ ಮುಖದ ಚಿತ್ರ ಹಿಡಿಯುತ್ತಾರೆ. ಪ್ಯಾನ್ ತೋರಿಸಿ ಅಂದಾಗ ಎಲ್ಲರೂ ಕಾರ್ಡನ್ನು ಕ್ಯಾಮೆರಾಕ್ಕೆ ತಂದು ಒತ್ತುತ್ತಾರೆ. ಅಷ್ಟು ಹತ್ತಿರದಲ್ಲಿ ಅಕ್ಷರ ಮಸುಕಾಗುತ್ತದೆ, ಕಾರ್ಡಿನ ಹೊಳಪಿಗೆ ಬಲ್ಬಿನ ಬೆಳಕು ಬಿದ್ದು ನಂಬರ್ ಇರುವ ಜಾಗವೇ ಬಿಳಿಚುತ್ತದೆ. ಒಂದು ಗೇಣು ದೂರದಲ್ಲಿ, ಅಂಚುಗಳನ್ನಷ್ಟೇ ಹಿಡಿದು, ಮೇಲ್ತುದಿಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ. ಬೆರಳು ಫೋಟೊದ ಮೇಲೆ ಬರಬಾರದು. ಹಾಳೆಯ ಮೇಲೆ ಸಹಿ ಹಾಕಿ ತೋರಿಸಿ ಅಂದಾಗ ನಿಮ್ಮ ಖಾಯಂ ಸಹಿಯನ್ನೇ ಹಾಕಿ. ಅದೇ ಬ್ಯಾಂಕಿನ ದಾಖಲೆಗೆ ಹೋಗುತ್ತದೆ, ಮುಂದೆ ಚೆಕ್ಕಿನಲ್ಲಿ ತಾಳೆ ನೋಡುವುದೂ ಅದನ್ನೇ.

ನಡುನಡುವೆ ಪ್ರಶ್ನೆಗಳು ಬರುತ್ತವೆ: ಹುಟ್ಟಿದ ತಾರೀಖು, ತಾಯಿಯ ಹೆಸರು, ಏನು ಕೆಲಸ, ವರ್ಷಕ್ಕೆ ಎಷ್ಟು ಆದಾಯ, ಖಾತೆ ಯಾಕೆ ಬೇಕು. ಅರ್ಜಿಯಲ್ಲಿ ಬರೆದದ್ದನ್ನೇ ಮತ್ತೆ ಕೇಳುತ್ತಾರಲ್ಲ ಎಂದು ಸಿಟ್ಟಾಗಬೇಡಿ. ಮೊದಲೇ ರೆಕಾರ್ಡ್ ಮಾಡಿಟ್ಟ ವಿಡಿಯೊ ಓಡಿಸಿ ಮೋಸ ಮಾಡಬಾರದೆಂದು ಪ್ರಶ್ನೆಗಳ ಬಗೆಯನ್ನೋ ಅನುಕ್ರಮವನ್ನೋ ಬದಲಿಸುತ್ತಿರಬೇಕು ಎಂದು ನಿಯಮವೇ ಹೇಳುತ್ತದೆ. ಕೇಳಿದ್ದಕ್ಕೆ ಅರ್ಜಿಯಲ್ಲಿದ್ದ ಹಾಗೇ ಉತ್ತರ ಕೊಟ್ಟರಾಯಿತು. ಅರ್ಜಿ ತುಂಬಿದವರು ಬೇರೆ, ಉತ್ತರ ಕೊಡುವವರು ಬೇರೆ ಆದಾಗಲೇ ಎಡವಟ್ಟು.

ವಯಸ್ಸಾದವರ ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ. ಅಮ್ಮನಿಗೆ ಖಾತೆ ತೆರೆಸಲು ಮಗ ಪಕ್ಕದಲ್ಲಿ ಕೂರುತ್ತಾನೆ. ‘ನಿಮ್ಮ ಹುಟ್ಟಿದ ತಾರೀಖು ಹೇಳಿ ಅಮ್ಮ’ ಎಂದು ಆಚೆಯವರು ಕೇಳುತ್ತಾರೆ. ಅಮ್ಮ ಮಗನ ಮುಖ ನೋಡುತ್ತಾರೆ, ಮಗ ಮೆಲ್ಲಗೆ ‘ಅರವತ್ತೆರಡು, ಜೂನ್ ಒಂದು’ ಅನ್ನುತ್ತಾನೆ. ಅಲ್ಲಿಗೆ ಅರ್ಜಿ ಮುಗಿಯಿತು. ಗ್ರಾಹಕರಿಗೆ ಪಕ್ಕದಿಂದ ಯಾರಾದರೂ ಹೇಳಿಕೊಡುವುದು ಕಂಡರೆ ತಿರಸ್ಕರಿಸಬೇಕು ಎಂಬುದು ಅಧಿಕಾರಿಯ ಇಷ್ಟಕ್ಕೆ ಬಿಟ್ಟದ್ದಲ್ಲ, ನಿಯಮ. ಬೆದರಿಸಿ, ಆಸೆ ತೋರಿಸಿ ಇನ್ನೊಬ್ಬರ ಹೆಸರಿನಲ್ಲಿ ಖಾತೆ ತೆರೆಸಿ ಅದರ ಮೂಲಕ ವಂಚನೆಯ ಹಣ ಸಾಗಿಸುವ ದಂಧೆ ಇರುವುದರಿಂದ ಈ ಬಿಗಿ. ಫೋನ್ ನಿಲ್ಲಿಸಿಕೊಟ್ಟು ಮಗ ಕೋಣೆಯಿಂದ ಹೊರಗೆ ಹೋಗಲಿ. ಅಮ್ಮನಿಗೆ ಒಬ್ಬರೇ ಉತ್ತರಿಸುವುದು ಕಷ್ಟವೆನಿಸಿದರೆ ಶಾಖೆಗೇ ಕರೆದುಕೊಂಡು ಹೋಗಿ. ಅಲ್ಲಿ ಕುರ್ಚಿ ಹಾಕಿ ಕೂರಿಸುತ್ತಾರೆ, ಮಗ ಪಕ್ಕದಲ್ಲಿ ನಿಂತರೂ ಯಾರೂ ಏನೂ ಅನ್ನುವುದಿಲ್ಲ.

ಕಣ್ಣು ಮಿಟುಕಿಸಿ, ತಲೆ ತಿರುಗಿಸಿ ಎಂದು ಕೇಳುವುದು ಕ್ಯಾಮೆರಾ ಮುಂದಿರುವುದು ಜೀವಂತ ಮನುಷ್ಯ ಎಂದು ಖಚಿತಪಡಿಸಿಕೊಳ್ಳಲು. ಆದರೆ ಆ್ಯಸಿಡ್ ದಾಳಿಯಲ್ಲಿ ರೆಪ್ಪೆ ಕಳೆದುಕೊಂಡವರು, ದೃಷ್ಟಿಯಿಲ್ಲದವರು ಏನು ಮಾಡಬೇಕು? ಇದೇ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ 2025ರ ಏಪ್ರಿಲ್ 30ರಂದು ನ್ಯಾಯಾಲಯ ಡಿಜಿಟಲ್ ಸೇವೆಗಳ ಲಭ್ಯತೆಯನ್ನು ಬದುಕುವ ಹಕ್ಕಿನ ಭಾಗವೆಂದು ಹೇಳಿ, ಕೆವೈಸಿಯಲ್ಲಿ ಅಂಗವಿಕಲರಿಗೆ ಅನುಕೂಲ ಮಾಡಲು 20 ನಿರ್ದೇಶನ ಕೊಟ್ಟಿತು. ಅದೇ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ನಿಯಮ ತಿದ್ದಿ, ಇಂಥ ಪರೀಕ್ಷೆಯ ಕಾರಣಕ್ಕೆ ವಿಶೇಷ ಅಗತ್ಯವಿರುವವರು ಹೊರಗುಳಿಯಬಾರದು ಎಂದಿತು. ಆ ತಿದ್ದುಪಡಿಯಲ್ಲಿ ಎಲ್ಲರಿಗೂ ಉಪಯೋಗವಾಗುವ ಒಂದು ಸಾಲಿದೆ: ಯಾವ ಅರ್ಜಿಯನ್ನೂ ವಿವೇಚನೆಯಿಲ್ಲದೆ ತಿರಸ್ಕರಿಸುವಂತಿಲ್ಲ, ತಿರಸ್ಕರಿಸಿದ ಕಾರಣವನ್ನು ಅಧಿಕಾರಿ ದಾಖಲಿಸಬೇಕು. ಅಂದರೆ ಆ ಎಸ್ಎಂಎಸ್‌ನಲ್ಲಿ ಕಾರಣ ಇಲ್ಲದಿದ್ದರೂ ಬ್ಯಾಂಕಿನ ದಾಖಲೆಯಲ್ಲಿ ಇರಲೇಬೇಕು. ಇನ್ನೊಮ್ಮೆ ಅರ್ಜಿ ಹಾಕುವ ಮೊದಲು ಸಹಾಯವಾಣಿಗೆ ಫೋನ್ ಮಾಡಿ ಅದನ್ನು ಕೇಳಿ.

ನೀವಿರುವ ಜಾಗವನ್ನೂ ಬ್ಯಾಂಕ್ ದಾಖಲಿಸಿಕೊಳ್ಳುತ್ತದೆ. ಕರೆ ಮಾಡುವವರು ಭಾರತದೊಳಗೇ ಇರಬೇಕು. ಹೊರದೇಶದ ಇಂಟರ್ನೆಟ್ ವಿಳಾಸದಿಂದ ಬಂದ ಕರೆಯನ್ನು ವ್ಯವಸ್ಥೆ ತಡೆಯುತ್ತದೆ. ದುಬೈಯಲ್ಲೋ ಮಸ್ಕತ್‌ನಲ್ಲೋ ಇರುವ ಮಂಗಳೂರಿನವರು ಈ ದಾರಿಯಲ್ಲಿ ಸಾಮಾನ್ಯ ಖಾತೆ ತೆರೆಯಲಾಗದು, ಅನಿವಾಸಿಗಳ ಖಾತೆಗೆ ಬೇರೆ ಕ್ರಮವಿದೆ. ಬೆಂಗಳೂರಿನಲ್ಲೇ ಕೂತವರೂ ಆಫೀಸಿನ ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಹಾಕಿಕೊಂಡು ಕರೆ ಮಾಡಿದರೆ ಬ್ಯಾಂಕಿನ ಕಣ್ಣಿಗೆ ಸಿಂಗಾಪುರದಲ್ಲೋ ಲಂಡನ್ನಿನಲ್ಲೋ ಇರುತ್ತಾರೆ. ಸ್ವಂತ ಮೊಬೈಲಿನ ಡೇಟಾದಲ್ಲಿ ಮಾಡುವುದು ವಾಸಿ. ನಡುವೆ ಕರೆ ಪೂರ್ತಿ ಕಡಿದುಹೋದರೆ ವಿಡಿಯೊ ಹೊಸದಾಗಿ ಶುರುವಾಗುತ್ತದೆ. ಅದರಿಂದ ನಿಮ್ಮ ಹೆಸರಿಗೇನೂ ಮಸಿಯಿಲ್ಲ.

ಕರೆ ಮುಗಿದ ಕೂಡಲೇ ಖಾತೆ ಚಾಲೂ ಆಗಲಿಲ್ಲವೆಂದು ಗಾಬರಿಯಾಗಬೇಡಿ. ಆ ರೆಕಾರ್ಡಿಂಗನ್ನು ಇನ್ನೊಬ್ಬರು ಪರಿಶೀಲಿಸಿ ಸರಿ ಎಂದ ಮೇಲೆಯೇ ಖಾತೆ ತೆರೆಯಬೇಕು. ಅಸ್ಪಷ್ಟ ಪ್ಯಾನ್, ಹಿಂದಿನಿಂದ ಕೇಳಿದ ದನಿ, ಹೊಂದದ ಹೆಸರು ಇವೆಲ್ಲ ಸಿಕ್ಕಿಬೀಳುವುದು ಇಲ್ಲೇ. ಕರೆಯಲ್ಲಿ ‘ಎಲ್ಲ ಸರಿಯಾಗಿದೆ ಮೇಡಂ’ ಅಂದವರು ಮರುದಿನ ತಿರಸ್ಕರಿಸುವುದು ಯಾಕೆಂದು ಈಗ ಗೊತ್ತಾಯಿತಲ್ಲ.

ಈ ಕರೆಯ ಹೆಸರಿನಲ್ಲಿ ಮೋಸಗಾರರೂ ಬರುತ್ತಾರೆ. ಗುರುತಿಸುವುದು ಕಷ್ಟವಲ್ಲ. ಅಸಲಿ ಕರೆ ನೀವಾಗಿ ತೆರೆದ ಬ್ಯಾಂಕಿನ ಆ್ಯಪ್‌ನೊಳಗೆ ಅಥವಾ ಅದರದೇ ಜಾಲತಾಣದಲ್ಲಿ ನಡೆಯುತ್ತದೆ. ರಿಸರ್ವ್ ಬ್ಯಾಂಕ್ ಆದೇಶದಂತೆ ಬ್ಯಾಂಕುಗಳ ಜಾಲತಾಣದ ವಿಳಾಸ ಈಗ .bank.in ಎಂದು ಕೊನೆಗೊಳ್ಳಬೇಕು. ವಾಟ್ಸ್ಆ್ಯಪ್‌ನಲ್ಲಿ ತಾನಾಗಿ ಬಂದು ‘ವಿಡಿಯೊ ಕೆವೈಸಿ ಮಾಡಬೇಕು’ ಅನ್ನುವುದು, ಓಟಿಪಿಯನ್ನು ಬಾಯಲ್ಲಿ ಹೇಳಿ ಅನ್ನುವುದು, ಸ್ಕ್ರೀನ್ ಶೇರ್ ಮಾಡಿ ಅನ್ನುವುದು, ಯುಪಿಐ ಪಿನ್ ಕೇಳುವುದು, ಇವು ಯಾವುದೂ ಬ್ಯಾಂಕಿನ ಕೆಲಸವಲ್ಲ. ಇಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಕೊನೆಯದಾಗಿ, ವಿಡಿಯೊವೇ ಇಲ್ಲದೆ ಬರೀ ಆಧಾರ್ ಓಟಿಪಿಯಲ್ಲಿ ಎರಡು ನಿಮಿಷಕ್ಕೆ ಖಾತೆ ತೆರೆದವರಿಗೆ ಒಂದು ಮಾತು. ಅದು ಪೂರ್ಣ ಖಾತೆಯಲ್ಲ. ಅದರಲ್ಲಿ 1 ಲಕ್ಷ ರೂಪಾಯಿಗಿಂತ ಹೆಚ್ಚು ಇಡುವಂತಿಲ್ಲ, ಒಂದು ಹಣಕಾಸು ವರ್ಷದಲ್ಲಿ ಒಟ್ಟು ಜಮೆ 2 ಲಕ್ಷ ದಾಟುವಂತಿಲ್ಲ. ತಿಂಗಳಿಗೆ 25 ಸಾವಿರ ಸಂಬಳದ ಸವಿತಾ ಇಂಥ ಖಾತೆ ತೆರೆದಿದ್ದರೆ ಎಂಟನೇ ಸಂಬಳಕ್ಕೇ ಮಿತಿ ಮುಟ್ಟುತ್ತಾಳೆ. ಒಂದು ವರ್ಷದೊಳಗೆ ವಿಡಿಯೊ ಅಥವಾ ಶಾಖೆಯಲ್ಲಿ ಪೂರ್ಣ ಪರಿಶೀಲನೆ ಆಗದಿದ್ದರೆ ಖಾತೆಯನ್ನು ಮುಚ್ಚಬೇಕೆಂಬುದು ನಿಯಮ. ನಿಮ್ಮದೋ ನಿಮ್ಮ ಮಕ್ಕಳದೋ ಅಂಥ ಖಾತೆ ಇದ್ದರೆ ತೆರೆದ ತಾರೀಖನ್ನು ಇವತ್ತೇ ನೋಡಿ, ಸಂಬಳ ಅದಕ್ಕೆ ಬೀಳುವ ಮೊದಲು ವಿಡಿಯೊ ಪರಿಶೀಲನೆ ಮುಗಿಸಿಕೊಳ್ಳಿ.